ಕೊನೆಯ ಒಣ ಟವೆಲ್: ಮಳೆಗಾಲದ ಮನೆಗೊಂದು ಅಣಕು ವಾರ್ತೆ ಕಟ್ಟುವ ಸಮಗ್ರ ಮಾರ್ಗದರ್ಶಿ

ಕೊಡಗಿನಲ್ಲಿ ಜುಲೈ ಬಂತೆಂದರೆ ಒಣಗಿದ ಬಟ್ಟೆಗೆ ಬೆಲೆ ಬರುತ್ತದೆ. ಒಲೆಯ ಮೇಲೆ ಕಟ್ಟಿದ ಹಗ್ಗದಲ್ಲಿ ಮೂರು ದಿನದಿಂದ ನೇತಾಡುವ ಬನಿಯನ್ ಮುಟ್ಟಿದರೆ ಇನ್ನೂ ತಣ್ಣಗಿರುತ್ತದೆ, ಮೂಸಿದರೆ ಹೊಗೆ ವಾಸನೆ. ಇಂಥ ಮನೆಯಲ್ಲಿ ಉಳಿದಿದ್ದ ಒಂದೇ ಒಂದು ಒಣ ಟವೆಲ್ಲನ್ನು ಯಾರೋ ಹೇಳದೆ ಕೇಳದೆ ತಲೆ ಒರೆಸಿಕೊಳ್ಳಲು ಬಳಸಿಬಿಟ್ಟರೆ ಅದು ಅಣಕು ವಾರ್ತೆಗೆ ಹೇಳಿ ಮಾಡಿಸಿದ ಸುದ್ದಿ. ಈ ಒಂದು ಸುದ್ದಿಯನ್ನೇ ಹಿಡಿದು ಐದು ನಿಮಿಷದ ಧ್ವನಿವಾರ್ತೆಯನ್ನು ಬರೆದು, ಓದಿ, ಮೊಬೈಲಿನಲ್ಲಿ ಮುದ್ರಿಸುವ ತನಕದ ಕೆಲಸ ಇಲ್ಲಿದೆ. ಕೊಡವರ ಹಬ್ಬ ಕೈಲ್ ಪೊಳ್ದ್‌ಗೆ ನೆಂಟರು ಸೇರಿದ ರಾತ್ರಿ ಕೇಳಿಸಲು ಐದು ನಿಮಿಷ ಸರಿಯಾದ ಅಳತೆ. ಏಳು ನಿಮಿಷ ದಾಟಿದರೆ ಊಟದ ಕಡೆ ಗಮನ ಹೋಗುತ್ತದೆ.

ಇಡೀ ಕೆಲಸಕ್ಕೆ ಆಧಾರ ಒಂದೇ ಸೂತ್ರ. ಸುದ್ದಿ ಮಾತ್ರ ಚಿಕ್ಕದಿರಬೇಕು, ಮಿಕ್ಕದ್ದೆಲ್ಲ ನಿಜವಾದ ವಾರ್ತೆಯಂತೆಯೇ ಇರಬೇಕು. ವಾಕ್ಯ, ಅಂಕಿ, ಸಮಯ, ಮೂಲ, ಪ್ರತಿಕ್ರಿಯೆ ಎಲ್ಲವೂ ವಾರ್ತೆಯ ಶಿಸ್ತಿನಲ್ಲಿದ್ದಾಗ ಅದರ ನಡುವೆ ಟವೆಲ್ ಕೂತರೆ ನಗು ತಾನಾಗಿ ಬರುತ್ತದೆ. ಬರೆಯುವವರು ನಗಿಸಲು ಹೊರಟರೆ ಶಿಸ್ತು ಸಡಿಲವಾಗಿ, ವಾರ್ತೆ ಹೋಗಿ ಮಿಮಿಕ್ರಿ ಉಳಿಯುತ್ತದೆ.

ಸುದ್ದಿಯ ಆಯ್ಕೆ

ಹತ್ತು ನಿಮಿಷ ಮನೆಯವರೆಲ್ಲರ ಬಾಯಲ್ಲಿದ್ದು ಮರುದಿನ ಮರೆತುಹೋಗುವ ಘಟನೆ ಬೇಕು. ಅದರಲ್ಲಿ ಕಣ್ಣಿಗೆ ಕಾಣುವ ಒಂದು ವಸ್ತು, ವರದಿಗಾರ ನಿಲ್ಲಬಹುದಾದ ಒಂದು ಜಾಗ, ಒಬ್ಬರಿಗೊಬ್ಬರು ಒಪ್ಪದ ಇಬ್ಬರು, ಅಳೆದು ಹೇಳಬಹುದಾದ ಏನಾದರೊಂದು ಇರಬೇಕು. ಟವೆಲ್ ಪ್ರಕರಣದಲ್ಲಿ ಈ ನಾಲ್ಕೂ ಸಿಗುತ್ತವೆ. ನೀಲಿ ಗೆರೆಯ ಟವೆಲ್ ವಸ್ತು, ಬಚ್ಚಲುಮನೆ ಜಾಗ. ಬಳಸಿದ ಸಣ್ಣಮಾವ ಒಂದು ಕಡೆ, ಸ್ನಾನಕ್ಕೆ ಕಾದಿದ್ದ ನಾಲ್ವರು ಇನ್ನೊಂದು ಕಡೆ. ಅಳತೆಗೆ ಮಳೆ ಇದ್ದೇ ಇದೆ. ‘ಮನೆಯಲ್ಲಿ ಎಲ್ಲರೂ ಮೊಬೈಲ್ ನೋಡುತ್ತಾರೆ’ ಅನ್ನುವಂಥ ವಿಷಯ ಕೆಲಸಕ್ಕೆ ಬರುವುದಿಲ್ಲ. ಅದಕ್ಕೆ ಗಂಟೆಯಿಲ್ಲ, ಜಾಗವಿಲ್ಲ, ಇಂದು ಬೆಳಿಗ್ಗೆ ನಡೆದದ್ದು ಎನ್ನಲು ಏನೂ ಇಲ್ಲ.

ಕಾಯಿಲೆ, ಸಾಲ, ಮದುವೆ ಮಾತುಕತೆ, ಆಸ್ತಿ ಪಾಲು ಇವನ್ನು ಮುಟ್ಟಬೇಡಿ. ಗಂಭೀರ ಧ್ವನಿಯಲ್ಲಿ ಓದಿದರೆ ಅವು ನಿಜಕ್ಕೂ ಗಂಭೀರವಾಗಿಯೇ ಕೇಳುತ್ತವೆ. ಕೊಡಗಿನಲ್ಲಿ ಇನ್ನೊಂದು ಎಚ್ಚರ ಬೇಕು. ಒಗೆಯುವ ಬಟ್ಟೆಯ ರಾಶಿ ಬಿದ್ದದ್ದಕ್ಕೆ ‘ಭೂಕುಸಿತ’ ಎನ್ನಲು, ಟವೆಲ್ ಸಿಗದವರನ್ನು ‘ಸಂತ್ರಸ್ತರು’ ಎನ್ನಲು ಕೈ ತುರಿಸುತ್ತದೆ. 2018ರ ಆಗಸ್ಟ್‌ನಲ್ಲಿ ಮನೆ ಕಳೆದುಕೊಂಡವರು, ಅವರ ನೆಂಟರು ಕೇಳುಗರಲ್ಲಿ ಇರಬಹುದು. ಆನೆ ದಾಳಿಯ ಪದಗಳೂ ಹಾಗೆಯೇ. ಜನರನ್ನು ಬಲಿ ತೆಗೆದುಕೊಂಡ ಸುದ್ದಿಯ ಪದಗಳನ್ನು ಬಿಟ್ಟು ಕಚೇರಿ, ಜಲಾಶಯ, ತನಿಖೆ, ಸಭೆಗಳ ಪದಗಳನ್ನು ಎತ್ತಿಕೊಳ್ಳಿ. ಅವೇ ಬೇಕಾದಷ್ಟಿವೆ.

ವಾರ್ತೆಯ ಕನ್ನಡ

ವಾರ್ತಾಕನ್ನಡದ ಗಾಂಭೀರ್ಯ ಇರುವುದು ದೊಡ್ಡ ಪದಗಳಲ್ಲಿ ಎಂದು ತಿಳಿದು ‘ಶುಷ್ಕ ವಸ್ತ್ರ’ ಎಂದು ಬರೆಯುವವರಿದ್ದಾರೆ. ಹಾಗೆ ಬರೆದರೆ ಕೇಳುವವರಿಗೆ ಅದು ನಾಟಕದ ಭಾಷೆ ಅನಿಸುತ್ತದೆ. ಟವೆಲ್ಲನ್ನು ಟವೆಲ್ ಎಂದೇ ಕರೆಯಿರಿ. ಗಾಂಭೀರ್ಯವೆಲ್ಲ ವಾಕ್ಯದ ಕೊನೆಯ ಕ್ರಿಯಾಪದದಲ್ಲಿದೆ.

ಆ ಕ್ರಿಯಾಪದಗಳಿಗೆ ಒಂದು ಏಣಿಯಿದೆ. ಯಾರೋ ಹೇಳಿದ, ಖಚಿತವಿಲ್ಲದ ವಿಷಯಕ್ಕೆ ‘ಎನ್ನಲಾಗಿದೆ’. ವರದಿಗಾರ ಕೇಳಿ ವಿಚಾರಿಸಿದ್ದಕ್ಕೆ ‘ಎಂದು ತಿಳಿದುಬಂದಿದೆ’. ಹೆಸರು ಹೇಳಲೊಲ್ಲದವರ ಮಾತಿಗೆ ‘ಮೂಲಗಳು ತಿಳಿಸಿವೆ’. ಒಬ್ಬರು ಇನ್ನೊಬ್ಬರ ಮೇಲೆ ಹೊರಿಸಿದ್ದಕ್ಕೆ ‘ಆರೋಪಿಸಿದ್ದಾರೆ’. ಅಧಿಕಾರ ಇರುವವರ ಮಾತಿಗೆ ಮಾತ್ರ ‘ಸ್ಪಷ್ಟಪಡಿಸಿದ್ದಾರೆ’. ಟವೆಲ್ ಸುದ್ದಿಯಲ್ಲಿ ಮೆಟ್ಟಿಲು ತಪ್ಪದ ಹಾಗೆ ಇವನ್ನು ಬಳಸಿ ನೋಡಿ:

“ಟವೆಲ್ ಕೊನೆಯ ಬಾರಿಗೆ ಕಂಡಿದ್ದು ರಾತ್ರಿ ಒಂಬತ್ತು ಗಂಟೆಗೆ ಎನ್ನಲಾಗಿದೆ. ಆಗ ಅದು ಪೂರ್ಣ ಒಣಗಿತ್ತು ಎಂದು ತಿಳಿದುಬಂದಿದೆ. ಬೆಳಿಗ್ಗೆ ಸಣ್ಣಮಾವನ ಕೂದಲು ಒಣಗಿದ್ದನ್ನು ಕಂಡಿದ್ದಾಗಿ ಅಡುಗೆಮನೆ ಮೂಲಗಳು ತಿಳಿಸಿವೆ. ಹಗ್ಗದಲ್ಲಿ ಈಗ ಯಾವುದೇ ಒಣ ಟವೆಲ್ ಇಲ್ಲ ಎಂದು ಅಜ್ಜಿ ಸ್ಪಷ್ಟಪಡಿಸಿದ್ದಾರೆ.”

ಇಲ್ಲಿ ಒಂದು ಪದವೂ ತಮಾಷೆಯದಲ್ಲ. ‘ಸ್ಪಷ್ಟಪಡಿಸಿದ್ದಾರೆ’ ಎಂಬುದನ್ನು ಅಜ್ಜಿಗೇ ಮೀಸಲಿಟ್ಟಿದ್ದರಿಂದ, ಮನೆಯಲ್ಲಿ ಕೊನೆಯ ಮಾತು ಯಾರದ್ದೆಂಬುದು ಹೇಳದೆಯೇ ಗೊತ್ತಾಗುತ್ತದೆ. ಅದೇ ಕ್ರಿಯಾಪದವನ್ನು ಮಕ್ಕಳ ಮಾತಿಗೂ ಅಂಟಿಸಿದರೆ ಏಣಿಯೇ ಕುಸಿಯುತ್ತದೆ. ಕೃತ್ಯ ಎಸಗಿದವರನ್ನು ಮರೆಮಾಡಲು ‘ಬಳಕೆಯಾಗಿದೆ’, ‘ನಾಪತ್ತೆಯಾಗಿದೆ’, ‘ಒದ್ದೆಯಾಗಿರುವುದು ಬೆಳಕಿಗೆ ಬಂದಿದೆ’ ಎಂಬ ರೂಪಗಳನ್ನು ಬಳಸಿ. ಇಡೀ ಮನೆಗೆ ಗೊತ್ತಿರುವ ಹೆಸರನ್ನು ವಾರ್ತೆ ಹೇಳದೆ ತಡೆದಷ್ಟೂ ಕೇಳುವವರು ಅದಕ್ಕಾಗಿ ಕಾಯುತ್ತಾರೆ.

ಅಳತೆ ಮತ್ತು ಚೌಕಟ್ಟು

ಆಕಾಶವಾಣಿಯ ಕ್ರಮ ನಮ್ಮ ಕಿವಿಗೆ ಎಷ್ಟೋ ವರ್ಷದಿಂದ ಹೊಂದಿಕೊಂಡಿದೆ: ಮೊದಲು ಮುಖ್ಯಾಂಶಗಳು, ಆಮೇಲೆ ವಿವರ, ಕೊನೆಗೆ ಮುಖ್ಯಾಂಶಗಳು ಮತ್ತೊಮ್ಮೆ. ಅದನ್ನೇ ಇಟ್ಟುಕೊಳ್ಳಿ. ಸ್ಥಳದಿಂದ ನೇರ ವರದಿ ಮಾಡುವ ಪದ್ಧತಿಯನ್ನು ಮಾತ್ರ ಟಿವಿಯಿಂದ ತನ್ನಿ. ಇವೆರಡರ ಬೆರಕೆ ಬರೀ ಟಿವಿ ಅಬ್ಬರಕ್ಕಿಂತ ಚೆನ್ನಾಗಿ ನಿಲ್ಲುತ್ತದೆ. ವಾರ್ತಾ ವಾಚಕರು ತಣ್ಣಗಿದ್ದರೇ ಸ್ಥಳದಲ್ಲಿರುವವರ ಅಸಂಬದ್ಧತೆ ಎದ್ದು ಕಾಣುವುದು.

ನಿಧಾನವಾಗಿ ಓದುವವರು ನಿಮಿಷಕ್ಕೆ ಸುಮಾರು 90ರಿಂದ 100 ಕನ್ನಡ ಪದ ಓದುತ್ತಾರೆ. ನಿಮ್ಮ ವಾಚಕರ ಕೈಗೆ ನೂರು ಪದದ ಯಾವುದಾದರೂ ಪತ್ರಿಕೆ ಸುದ್ದಿ ಕೊಟ್ಟು ಗಡಿಯಾರ ನೋಡಿ, ಆ ಲೆಕ್ಕದ ಮೇಲೆ ಬರೆಯಿರಿ. ಐದು ನಿಮಿಷಕ್ಕೆ 430 ಪದ ಸಾಕು, ಮೌನಕ್ಕೂ ಜಾಗ ಬೇಕಲ್ಲ. ಮುಖ್ಯಾಂಶಕ್ಕೆ ಅರ್ಧ ನಿಮಿಷ, ಟವೆಲ್ ಸುದ್ದಿ ಮತ್ತು ಅದರ ಎರಡು ನೇರ ವರದಿಗೆ ಮೂರು ನಿಮಿಷ, ಬಕೆಟ್ ಮಟ್ಟಕ್ಕೂ ಹವಾಮಾನಕ್ಕೂ ಸೇರಿ ಒಂದು ನಿಮಿಷ, ಕೊನೆಗೆ ಮತ್ತೆ ಮುಖ್ಯಾಂಶಕ್ಕೆ ಅರ್ಧ ನಿಮಿಷ. ಒಂದೇ ವಾರ್ತೆಗೆ ಎಂಟು ಸುದ್ದಿ ತುಂಬುವುದು ಎಲ್ಲರೂ ಮಾಡುವ ತಪ್ಪು. ಒಂದೊಂದಕ್ಕೂ ಮೂವತ್ತು ಸೆಕೆಂಡ್ ಸಿಕ್ಕಿದರೆ ಯಾವುದೂ ಬೆಳೆಯುವುದಿಲ್ಲ.

ಆರಂಭ ಹೀಗಿರಲಿ:

“ನಮಸ್ಕಾರ. ನಮ್ಮ ಮನೆವಾರ್ತೆಗೆ ಸ್ವಾಗತ. ಮೊದಲಿಗೆ ಮುಖ್ಯಾಂಶಗಳು. ಮನೆಯಲ್ಲಿದ್ದ ಕೊನೆಯ ಒಣ ಟವೆಲ್ ಇಂದು ಬೆಳಿಗ್ಗೆ ಬಳಕೆಯಾಗಿದ್ದು, ಸ್ನಾನಕ್ಕೆ ಕಾದಿದ್ದ ನಾಲ್ವರಿಗೆ ತೊಂದರೆ. ಪಡಸಾಲೆ ಬಕೆಟ್ ಭರ್ತಿಗೆ ಒಂದೂವರೆ ಇಂಚು ಬಾಕಿ. ಕಡಂಬುಟ್ಟು ಲೆಕ್ಕದಲ್ಲಿ ಎರಡರ ವ್ಯತ್ಯಾಸ, ತನಿಖೆಗೆ ಅಜ್ಜಿ ಸೂಚನೆ.”

ಮೂರನೆಯ ಮುಖ್ಯಾಂಶಕ್ಕೆ ವಿವರ ಕೊಡಬೇಡಿ. ಅಕ್ಕಿ ತರಿಯ ಉಂಡೆಯಾದ ಕಡಂಬುಟ್ಟನ್ನು ಯಾರು ತಿಂದರು ಎಂಬುದು ಕೊನೆಯವರೆಗೂ ತೂಗಾಡಲಿ. ಅದನ್ನು ಎಲ್ಲಿ ಬಳಸಬೇಕೆಂದು ಮುಂದೆ ಹೇಳಿದೆ.

ಸ್ಥಳದಿಂದ ನೇರ ವರದಿ

ನೇರ ವರದಿಯ ಹಾಸ್ಯಕ್ಕೆ ಕಾರಣ ಒಂದೇ: ವರದಿಗಾರರ ಬಳಿ ಹೊಸದೇನೂ ಇಲ್ಲ, ಆದರೂ ಒಂದು ನಿಮಿಷ ಮಾತಾಡಬೇಕು. ಹಾಗಾಗಿ ವಾಚಕರು ಹೇಳಿ ಮುಗಿಸಿದ್ದನ್ನೇ ಅವರು ಮತ್ತೆ ಹೇಳುತ್ತಾರೆ, ಆಮೇಲೆ ಕಣ್ಣೆದುರು ಇರುವುದನ್ನೆಲ್ಲ ವರ್ಣಿಸಲು ತೊಡಗುತ್ತಾರೆ. ಅಸಂಬದ್ಧತೆಗೆ ಬಾಗಿಲು ತೆರೆಯುವುದು ಅಲ್ಲಿ.

ವಾಚಕರು: “ಈ ಕುರಿತು ಹೆಚ್ಚಿನ ಮಾಹಿತಿಯೊಂದಿಗೆ ನಮ್ಮ ಬಚ್ಚಲುಮನೆ ಪ್ರತಿನಿಧಿ ಸ್ಥಳದಲ್ಲಿದ್ದಾರೆ. ಅಲ್ಲಿನ ಪರಿಸ್ಥಿತಿ ಹೇಗಿದೆ?”

ಎರಡು ಸೆಕೆಂಡ್ ಮೌನ. ಹಂಚಿನ ಮೇಲೆ ಮಳೆಯ ಸದ್ದು ಮಾತ್ರ.

ವರದಿಗಾರ: “ಹೌದು, ಖಂಡಿತ. ನಾನೀಗ ಬಚ್ಚಲುಮನೆ ಬಾಗಿಲಿನ ಮುಂದೆ ನಿಂತಿದ್ದೇನೆ. ಬಾಗಿಲು ಹಾಕಿದೆ. ಒಳಗೆ ಒಬ್ಬರಿದ್ದಾರೆ. ಅವರು ಸ್ನಾನ ಮುಗಿಸಿ ಹದಿನಾಲ್ಕು ನಿಮಿಷವಾಗಿದೆ, ಹೊರಗೆ ಬರುವ ಯಾವುದೇ ಲಕ್ಷಣ ಕಾಣಿಸುತ್ತಿಲ್ಲ. ಮಾತುಕತೆ ನಡೆದಿದೆ. ಬಾಗಿಲ ಕೆಳಗಿನ ಸಂದಿಯಿಂದ ಒಂದು ಲುಂಗಿಯನ್ನು ತಲುಪಿಸುವ ಪ್ರಯತ್ನ ಸಾಗಿದೆ.”

ಮುಖ್ಯವಾದ ಮಾತು: ವರದಿ ವಾಕ್ಯದಿಂದ ವಾಕ್ಯಕ್ಕೆ ಒಂದೊಂದೇ ಹೆಜ್ಜೆ ಬೆಳೆಯಬೇಕು. ಬಾಗಿಲು ಹಾಕಿರುವುದು ದಿನಾ ನಡೆಯುವಂಥದ್ದು. ಹದಿನಾಲ್ಕು ನಿಮಿಷ ಅನ್ನುವಾಗ ಸ್ವಲ್ಪ ಹೆಚ್ಚಾಯಿತು. ‘ಮಾತುಕತೆ ನಡೆದಿದೆ’ ಎಂದಾಗ ನಾವು ಬೇರೆ ಲೋಕದಲ್ಲಿರುತ್ತೇವೆ. ಮೊದಲ ವಾಕ್ಯದಲ್ಲೇ ಹೆಲಿಕಾಪ್ಟರ್ ತಂದರೆ ಎರಡನೆಯ ವಾಕ್ಯಕ್ಕೆ ಹೋಗಲು ಜಾಗ ಇರುವುದಿಲ್ಲ. ಮನೆಯಲ್ಲಿ ಇಲ್ಲದ ವಸ್ತುವನ್ನು ತರಲೇಬೇಡಿ. ಲುಂಗಿ, ಬಾಗಿಲ ಸಂದಿ, ಒಲೆಯ ಹಗ್ಗ ಇಷ್ಟರಲ್ಲೇ ಮುಗಿಸಿ.

ಎರಡನೆಯ ವರದಿಯಲ್ಲಿ ಪ್ರತಿಕ್ರಿಯೆ ತೆಗೆದುಕೊಳ್ಳಿ. ಇಲ್ಲಿ ಭಾಷೆ ಪೂರ್ತಿ ಬದಲಾಗಬೇಕು. ವರದಿಗಾರ ಪುಸ್ತಕದ ಕನ್ನಡದಲ್ಲಿ ಕೇಳಿದರೆ ಉತ್ತರ ಮನೆಯ ಮಾತಿನಲ್ಲಿ ಬರುತ್ತದೆ.

“ಅಜ್ಜಿ, ಘಟನೆಯ ಹಿನ್ನೆಲೆಯಲ್ಲಿ ತಮ್ಮ ಮೊದಲ ಪ್ರತಿಕ್ರಿಯೆ ಏನು?”

“ಎಂತ ಪ್ರತಿಕ್ರಿಯೆ ಮಾರಾಯ. ನಿನ್ನೆಯೇ ಹೇಳಿದ್ದೆ, ಒಂದನ್ನಾದ್ರೂ ಒಳಗೆ ತೆಗೆದಿಡಿ ಅಂತ. ಕೇಳ್ತಾರಾ? ನೀನು ಮೊದಲು ಆ ಚಪ್ಪಲಿ ಹೊರಗೆ ಬಿಡು.”

ಸಂಪಾಜೆ ಕಡೆಯ ಮನೆಯಾದರೆ ಅಜ್ಜಿಯ ಬಾಯಲ್ಲಿ ಟವೆಲ್ ‘ಬೈರಾಸು’ ಆಗಬಹುದು. ಕೊಡವ ಮನೆಯಾದರೆ ಇಡೀ ಉತ್ತರವೇ ಕೊಡವ ತಕ್ಕ್‌ನಲ್ಲಿರಲಿ, ಅರೆಭಾಷೆಯ ಮನೆಯಾದರೆ ಅರೆಭಾಷೆಯಲ್ಲಿ. ಆಗ ವಾಚಕರು ಅದನ್ನು ವಾರ್ತಾಕನ್ನಡಕ್ಕೆ ಇಳಿಸಲಿ: “ಮುನ್ನೆಚ್ಚರಿಕೆ ನೀಡಿದ್ದರೂ ಸಂಬಂಧಪಟ್ಟವರು ನಿರ್ಲಕ್ಷಿಸಿದ್ದಾರೆ ಎಂದು ಅಜ್ಜಿ ಆರೋಪಿಸಿದ್ದಾರೆ. ಪಾದರಕ್ಷೆ ಕುರಿತೂ ಅವರು ಸೂಚನೆ ನೀಡಿದ್ದಾರೆ.” ಎರಡು ಭಾಷೆಗಳ ನಡುವಿನ ಈ ಅಂತರ ಇಡೀ ವಾರ್ತೆಯಲ್ಲಿ ಅತಿ ಹೆಚ್ಚು ನಗು ತರುವ ಜಾಗ. ಅಜ್ಜಿಗೆ ಬರೆದು ಕೊಡಬೇಡಿ. ಪ್ರಶ್ನೆ ಮಾತ್ರ ಕೇಳಿ, ಅವರು ಹೇಳಿದ್ದನ್ನು ಮುದ್ರಿಸಿ, ಅನಂತರ ವಾಚಕರ ವಾಕ್ಯ ಬರೆಯಿರಿ. ಹಿರಿಯರ ಧ್ವನಿ ಎಲ್ಲರಿಗೂ ಕೇಳಿಸಲಿದೆ ಎಂಬುದನ್ನು ಮೊದಲೇ ಹೇಳಿ ಒಪ್ಪಿಗೆ ಪಡೆದುಕೊಳ್ಳಿ.

ಬಕೆಟ್‌ನ ನೀರಿನ ಮಟ್ಟ

ಮಳೆಗಾಲದಲ್ಲಿ ಕೊಡಗಿನವರು ದಿನವೂ ಓದುವ ಒಂದು ಸುದ್ದಿ ಹಾರಂಗಿ ಜಲಾಶಯದ ಮಟ್ಟ: ಗರಿಷ್ಠ 2859 ಅಡಿ, ಇಂದಿನ ಮಟ್ಟ ಇಷ್ಟು, ಕಳೆದ ವರ್ಷ ಇದೇ ದಿನ ಇಷ್ಟು, ಒಳಹರಿವು ಇಷ್ಟು, ಹೊರಹರಿವು ನದಿಗೆ ಇಷ್ಟು, ನಾಲೆಗೆ ಇಷ್ಟು. ಹಂಚು ಸೋರುವ ಕಡೆ ಇಟ್ಟ ಬಕೆಟ್ಟಿಗೆ ಈ ಅಚ್ಚು ಹಾಗೇ ಕೂರುತ್ತದೆ. ಆದರೆ ಅಂಕಿ ಅಳೆದೇ ಹಾಕಬೇಕು.

ಅಳೆಯುವುದು ಹೀಗೆ. ಸೋರುವಲ್ಲಿ 200 ಮಿಲಿಯ ಲೋಟ ಇಟ್ಟು ತುಂಬಲು ಎಷ್ಟು ಹೊತ್ತಾಯಿತೆಂದು ನೋಡಿ. ಎಂಟು ನಿಮಿಷ ಎಂದಿಟ್ಟುಕೊಳ್ಳಿ. 15 ಲೀಟರ್ ಬಕೆಟ್ ಎಂದರೆ 75 ಲೋಟ, ಅಂದರೆ 600 ನಿಮಿಷ. ರಾತ್ರಿ ಹತ್ತಕ್ಕೆ ಇಟ್ಟ ಬಕೆಟ್ ಬೆಳಿಗ್ಗೆ ಎಂಟಕ್ಕೆ ಭರ್ತಿ. ಈಗ ಬೆಳಿಗ್ಗೆ ಆರೂವರೆಯ ವಾರ್ತೆಯಲ್ಲಿ ‘ಭರ್ತಿಗೆ ಒಂದೂವರೆ ಇಂಚು ಬಾಕಿ’ ಎಂಬುದು ಸರಿಹೊಂದುತ್ತದೆ. ಲೆಕ್ಕ ಮಾಡದೆ ‘ನಿಮಿಷಕ್ಕೆ 24 ಹನಿ’ ಎಂದು ಬರೆದರೆ ಎಡವಟ್ಟಾಗುತ್ತದೆ. ನಲ್ಲಿಯಿಂದ ಬೀಳುವ ಸಣ್ಣ ಹನಿಯಾದರೆ ಸುಮಾರು ಇಪ್ಪತ್ತು ಹನಿಗೆ ಒಂದು ಮಿಲಿ. ಆ ಲೆಕ್ಕದಲ್ಲಿ ಬಕೆಟ್ ತುಂಬಲು ಎಂಟು ದಿನಕ್ಕಿಂತ ಹೆಚ್ಚು ಬೇಕು. ಯಾವ ಮನೆಯಲ್ಲೂ ಇಂಥದ್ದನ್ನು ಲೆಕ್ಕ ಹಾಕಿ ನೋಡುವ ಒಬ್ಬರು ಇದ್ದೇ ಇರುತ್ತಾರೆ, ಅವರಿಗೆ ಅನುಮಾನ ಬಂದ ಕೂಡಲೆ ವಾರ್ತೆಯ ಮೇಲಿನ ನಂಬಿಕೆ ಹೋಗುತ್ತದೆ.

“ಪಡಸಾಲೆ ಬಕೆಟ್‌ನ ಗರಿಷ್ಠ ಮಟ್ಟ 11 ಇಂಚು. ಇಂದಿನ ಮಟ್ಟ ಒಂಬತ್ತೂವರೆ ಇಂಚು. ಕಳೆದ ವರ್ಷ ಇದೇ ದಿನ ಇಲ್ಲಿ ಬಕೆಟ್ ಇರಲಿಲ್ಲ. ಒಳಹರಿವು ಎಂಟು ನಿಮಿಷಕ್ಕೆ ಒಂದು ಲೋಟ. ಹೊರಹರಿವು ಅಂಗಳಕ್ಕೂ ಇಲ್ಲ, ನಾಲೆಗೂ ಇಲ್ಲ. ತಗ್ಗಿನಲ್ಲಿರುವ ಚಾಪೆಯನ್ನು ಮುನ್ನೆಚ್ಚರಿಕೆಯಾಗಿ ಸ್ಥಳಾಂತರಿಸಲಾಗಿದೆ.”

ಹವಾಮಾನಕ್ಕೆ ಮೂರು ವಾಕ್ಯ ಸಾಕು. ತೋಟದ ಮನೆಗಳಲ್ಲಿ ಮಳೆಮಾಪಕ ಇರುತ್ತದೆ, ಬೆಳಿಗ್ಗೆ ನೋಡಿ ಬರೆದಿಡುತ್ತಾರೆ, ಮಾತಿನಲ್ಲಿ ಇಂಚು ಮತ್ತು ಸೆಂಟಿನ ಲೆಕ್ಕ. ನೂರು ಸೆಂಟಿಗೆ ಒಂದು ಇಂಚು. ವಾರ್ತೆಗೂ ಅದೇ ಭಾಷೆ ಬರಲಿ: “ಕಳೆದ 24 ಗಂಟೆಯಲ್ಲಿ ಕಣದ ಬದಿಯಲ್ಲಿ 3 ಇಂಚು 20 ಸೆಂಟ್ ಮಳೆ ದಾಖಲಾಗಿದೆ. ಒಲೆಯ ಮೇಲಿನ ಹಗ್ಗದಲ್ಲಿ ಮುಂದಿನ ಎರಡು ದಿನ ಒದ್ದೆ ವಾತಾವರಣ ಮುಂದುವರಿಯಲಿದೆ.” ಮಾಪಕದಲ್ಲಿ ಆ ದಿನ ಇದ್ದ ಅಂಕಿಯನ್ನೇ ಹಾಕಿ.

ಓದು

ವಾಚಕರಿಗೆ ತಾವು ಓದುತ್ತಿರುವುದು ತಮಾಷೆಯೆಂದು ಗೊತ್ತಿರಬಾರದು, ಧ್ವನಿ ಹಾಗಿರಬೇಕು. ಒಬ್ಬೊಬ್ಬರೇ ಕೂತು ಜೋರಾಗಿ ಆರೇಳು ಸಲ ಓದಲಿ. ನಾಲ್ಕನೆಯ ಸಲಕ್ಕೆ ಸಾಮಾನ್ಯವಾಗಿ ನಗು ಸತ್ತಿರುತ್ತದೆ, ಐದನೆಯದರಿಂದ ಓದು ಪಕ್ವವಾಗುತ್ತದೆ. ನಗು ಬರುವುದು ಹೆಚ್ಚಾಗಿ ವಾಕ್ಯದ ನಡುವೆ ಉಸಿರು ಕಡಿಮೆಯಾದಾಗ. ಹಾಗಾಗಿ ಉಸಿರೆಳೆಯುವ ಜಾಗಕ್ಕೆ ಕಾಗದದಲ್ಲಿ ಒಂದು ಗೆರೆ ಹಾಕಿಕೊಳ್ಳಿ, ಎದುರಿಗೆ ಕೂತವರ ಮುಖ ನೋಡಬೇಡಿ. ಒತ್ತು ಅಂಕಿಯ ಮೇಲೆ ಮತ್ತು ಜಾಗದ ಹೆಸರಿನ ಮೇಲೆ ಬೀಳಲಿ. ‘ಟವೆಲ್’ ಪದವನ್ನು ಒತ್ತಿ ಹೇಳಿದರೆ ಕಣ್ಣು ಮಿಟುಕಿಸಿದ ಹಾಗೆ. ವರದಿಗಾರರೂ ವಿಚಿತ್ರ ಧ್ವನಿ ಮಾಡಬಾರದು. ಸ್ವಲ್ಪ ಏದುಸಿರು, ಸ್ವಲ್ಪ ಅವಸರ ಸಾಕು. ಬರೆಯುವಾಗ ಹೆಸರುಗಳ ಬದಲು ಸಣ್ಣಮಾವ, ದೊಡ್ಡತ್ತೆ ಎಂಬ ಸಂಬಂಧವಾಚಕಗಳನ್ನೇ ಹಾಕಿ, ಕ್ರಿಯಾಪದ ಮಾತ್ರ ಗೌರವ ಬಹುವಚನದಲ್ಲಿರಲಿ.

ಮುದ್ರಣ

ಎರಡು ಜಾಗ ಬೇಕು. ವಾಚಕರಿಗೆ ಮಾಡು ಸದ್ದು ಮಾಡದ ಕೋಣೆ. ಜಿಂಕ್ ಶೀಟ್ ಹೊದಿಸಿದ ಕಡೆ ಜೋರು ಮಳೆಯಲ್ಲಿ ಧ್ವನಿ ಮುಳುಗಿಹೋಗುತ್ತದೆ, ಮಳೆ ತಗ್ಗಿದಾಗ ಮುದ್ರಿಸಿ ಇಲ್ಲವೇ ಒಳಕೋಣೆ ಸೇರಿ. ಫ್ಯಾನ್ ನಿಲ್ಲಿಸಿ, ಬರಿಗೋಡೆಯ ಮುಂದೆ ಕಂಬಳಿ ತೂಗುಹಾಕಿ. ಒದ್ದೆ ಬಟ್ಟೆ ಹಾಕಿದ ಹಗ್ಗವೂ ಆದೀತು, ಪ್ರತಿಧ್ವನಿ ಹೀರಲು ಬಟ್ಟೆ ದಪ್ಪವಿದ್ದರೆ ಸಾಕು. ಮೊಬೈಲನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಬಾಯಿಂದ ಒಂದು ಗೇಣು ದೂರದಲ್ಲಿ ಸ್ವಲ್ಪ ಓರೆಯಾಗಿ ಹಿಡಿಯಿರಿ. ನೇರ ಎದುರಿಗೆ ಹಿಡಿದರೆ ‘ಪಡಸಾಲೆ’ಯ ‘ಪ’, ‘ಬಕೆಟ್’ನ ‘ಬ’ ಉಚ್ಚರಿಸುವಾಗ ಗಾಳಿ ಬಡಿದು ಡಬ್ಬ್ ಎನ್ನುತ್ತದೆ. ಕರೆಂಟ್ ಯಾವಾಗ ಹೋಗುತ್ತದೆಂದು ಹೇಳಲಾಗದ ತಿಂಗಳು, ಹಿಂದಿನ ರಾತ್ರಿಯೇ ಚಾರ್ಜ್ ಮಾಡಿಡಿ.

ವರದಿಗಾರರನ್ನು ಮಾತ್ರ ಮಾಡಿನ ಅಂಚಿಗೆ ಕಳಿಸಿ. ಅಲ್ಲಿ ಮಳೆ ಸದ್ದು ಬೇಕು, ಆದರೆ ಮಾತು ತಿಳಿಯಬೇಕು. ಮೊಬೈಲನ್ನು ನಾಲ್ಕು ಬೆರಳಿನಷ್ಟು ಹತ್ತಿರ ಹಿಡಿದು ಗೋಡೆ ಕಡೆ ಮುಖಮಾಡಿ ಮಾತಾಡಿದರೆ ಎರಡೂ ಸಿಗುತ್ತದೆ. ಮುಗಿದ ಮೇಲೆ ಹತ್ತು ಸೆಕೆಂಡ್ ಬರೀ ಮಳೆಯ ಸದ್ದು ಮುದ್ರಿಸಿಕೊಳ್ಳಿ. ವಾಚಕರ ಪ್ರಶ್ನೆಗೂ ವರದಿಗಾರರ ‘ಹೌದು, ಖಂಡಿತ’ಕ್ಕೂ ನಡುವೆ ಇಡಬೇಕಾದ ಎರಡು ಸೆಕೆಂಡ್‌ಗೆ ಅದೇ ಬೇಕಾಗುತ್ತದೆ. ಅಲ್ಲಿ ಪೂರ್ತಿ ನಿಶ್ಶಬ್ದ ಇಟ್ಟರೆ ಮೊಬೈಲ್ ನಿಂತಿತೆಂದು ಕೇಳುವವರು ತಿಳಿಯುತ್ತಾರೆ, ಮೂರು ಸೆಕೆಂಡ್ ಮೀರಿದರೂ ಹಾಗೆಯೇ. ಆರಂಭದ ಸಂಗೀತಕ್ಕೆ ಯಾವುದೇ ವಾಹಿನಿಯ ಧ್ವನಿಚಿಹ್ನೆ ಎತ್ತಿಕೊಳ್ಳಬೇಡಿ. ಸ್ಟೀಲ್ ಲೋಟಕ್ಕೆ ಚಮಚದಿಂದ ಆರು ಸಲ ಸಮ ಅಂತರದಲ್ಲಿ ಬಡಿದರೆ ಗಂಟೆಯ ಸೂಚನೆಯಂತೆ ಕೇಳುತ್ತದೆ.

ಹೊರಗೆ ಕಳಿಸುವ ಮೊದಲು

ವಾಟ್ಸಾಪ್‌ನಲ್ಲಿ ಹೋದ ಧ್ವನಿ ತುಂಡಾಗಿ ಹರಡಬಹುದು. ಮೂವತ್ತು ಸೆಕೆಂಡಿನ ತುಣುಕೊಂದನ್ನು ಮಾತ್ರ ಕೇಳಿದವರಿಗೆ ಅದು ನಿಜವಾರ್ತೆ ಅನಿಸುತ್ತದೆಯೇ ಎಂದು ಪ್ರತಿ ಭಾಗವನ್ನೂ ಪ್ರತ್ಯೇಕವಾಗಿ ಕೇಳಿ ನೋಡಿ. ‘ಮಟ್ಟ ಏರುತ್ತಿದ್ದು ತಗ್ಗಿನವರು ಎಚ್ಚರಿಕೆಯಿಂದಿರಬೇಕು’ ಎಂಬ ಸಾಲು ಬಕೆಟ್ ಎಂಬ ಪದವಿಲ್ಲದೆ ಹೊರಬಿದ್ದರೆ ಹೊಳೆ ಬದಿಯ ಮನೆಯವರು ಗಾಬರಿಯಾಗುತ್ತಾರೆ. ಅದಕ್ಕೇ ಪ್ರತಿ ಎರಡು ಮೂರು ವಾಕ್ಯಕ್ಕೊಮ್ಮೆ ಬಕೆಟ್, ಪಡಸಾಲೆ, ಬಚ್ಚಲುಮನೆ ಎಂಬ ಪದ ಬರುವಂತೆ ಬರೆಯಿರಿ, ಊರಿನ ಹೆಸರು ಬಿಡಿ. ಶಾಲೆಗೆ ರಜೆ ಎಂಬ ಸುದ್ದಿಯನ್ನು ಯಾವ ರೂಪದಲ್ಲೂ ಸೇರಿಸಬೇಡಿ. ಜುಲೈನಲ್ಲಿ ಆ ಒಂದು ಸಂದೇಶಕ್ಕಾಗಿ ಜಿಲ್ಲೆಯ ಮಕ್ಕಳೂ ತಂದೆತಾಯಿಯರೂ ಬೆಳಿಗ್ಗೆಯಿಂದ ಕಾದಿರುತ್ತಾರೆ, ಸುಳ್ಳೆಂದು ತಿಳಿಯುವ ಮೊದಲೇ ಅದು ಭಾಗಮಂಡಲದಿಂದ ಕುಶಾಲನಗರಕ್ಕೆ ತಲುಪಿರುತ್ತದೆ.

ಮುಕ್ತಾಯಕ್ಕೆ ಮುಖ್ಯಾಂಶಗಳನ್ನು ಮತ್ತೊಮ್ಮೆ ಓದುವಾಗ ಪದ ಬದಲಿಸಬೇಡಿ, ಮೊದಲೆರಡು ಅಕ್ಷರಶಃ ಅದೇ ಇರಲಿ. ಮೂರನೆಯದರಲ್ಲಿ ಮಾತ್ರ, ಇಷ್ಟು ಹೊತ್ತು ತೂಗಾಡಿದ ಕಡಂಬುಟ್ಟು ಕೆಳಗಿಳಿಯಲಿ: “ಕಡಂಬುಟ್ಟು ಪ್ರಕರಣದಲ್ಲಿ ಹೊಸ ಬೆಳವಣಿಗೆ. ಕಾಣೆಯಾಗಿದ್ದ ಎರಡರ ಪೈಕಿ ಒಂದೂವರೆ, ನಮ್ಮ ಬಚ್ಚಲುಮನೆ ಪ್ರತಿನಿಧಿಯ ಬಳಿ ಪತ್ತೆಯಾಗಿದೆ. ಇಲ್ಲಿಗೆ ವಾರ್ತೆಗಳು ಮುಕ್ತಾಯವಾದವು.” ಮುಗಿದ ಮೇಲೆ ಒಂದು ಸೆಕೆಂಡ್ ಮಳೆ, ಆಮೇಲೆ ಲೋಟದ ಸದ್ದು.